ಕಿಚನ್ ಹೆಲ್ಪರ್ ಅಪ್ರೈಸಲ್‌ಗೆ ನಾನು ಕಾಮೆಂಟ್ ಬರೆಯೋದು ಹೀಗೆ

ಮಾರ್ಚ್ ಬಂತು ಅಂದ್ರೆ ಎಚ್‌ಆರ್‌ನಿಂದ ಫಾರ್ಮ್ ಬರುತ್ತೆ. ಶೆಫ್‌ಗಳದ್ದು, ಅವರ ಕೈಕೆಳಗಿನ ಜೂನಿಯರ್ ಕುಕ್‌ಗಳು ಅಂದ್ರೆ ಕಮಿಗಳದ್ದೆಲ್ಲ ಕೂತು ಬರೀತಾರೆ, ಹೆಲ್ಪರ್‌ಗಳ ಫಾರ್ಮ್ ಮಾತ್ರ ಕೊನೇಲಿ ನಿಂತ್ಕೊಂಡೇ ಮುಗಿಸ್ತಾರೆ, "ಒಳ್ಳೆ ಹುಡುಗ, ಕಷ್ಟಪಟ್ಟು ಕೆಲಸ ಮಾಡ್ತಾನೆ, ಹೈಜೀನ್ ಇಂಪ್ರೂವ್ ಆಗ್ಬೇಕು". ಇದನ್ನ ಯಾವ ಹೆಲ್ಪರ್ ಹೆಸರಿನ ಕೆಳಗೆ ಬೇಕಾದ್ರೂ ಹಾಕ್ಬಹುದು. ಓದಿದ ಹುಡುಗನಿಗೆ ನಾಳೆ ಬೆಳಗ್ಗೆ ಏನು ಬೇರೆ ಥರ ಮಾಡ್ಬೇಕು ಅಂತ ಗೊತ್ತಾಗಲ್ಲ, ಎಚ್‌ಆರ್‌ಗೆ ಇನ್ಕ್ರಿಮೆಂಟ್ ಕೊಡೋಕೂ ಕಾರಣ ಸಿಗಲ್ಲ. ಹಾಗಾಗಿ ಮೈಸೂರಲ್ಲಿ ನಾನಿರೋ ಹೋಟೆಲ್ ಕಿಚನ್ನಲ್ಲಿ ಒಬ್ಬ ಹೆಲ್ಪರ್‌ಗೆ ನಾನು ಬರೆದಿದ್ದನ್ನ ಪೂರ್ತಿ ಹೇಳ್ತೀನಿ.

ಹುಡುಗ ಗದಗದ ಕಡೆಯವನು. ಪ್ರೀ-ಪ್ರೆಪ್ ಕೆಲಸ, ಅಂದ್ರೆ ಈರುಳ್ಳಿ ಬೆಳ್ಳುಳ್ಳಿ ಸಿಪ್ಪೆ, ತರಕಾರಿ ತೊಳೆದು ಹೆಚ್ಚೋದು, ಗ್ರೈಂಡರ್, ಸ್ಟೋರ್‌ನಿಂದ ಇಂಡೆಂಟ್ ಹಾಕಿದ ಸಾಮಾನು ತರೋದು, ರಾತ್ರಿ ಕ್ಲೋಸಿಂಗ್‌ನಲ್ಲಿ ಉಳಿದಿದ್ದನ್ನ ವಾಕ್-ಇನ್ ಕೋಲ್ಡ್ ರೂಮ್‌ಗೆ ಸೇರ್ಸೋದು. ಫಾರ್ಮ್ ಬರೋ ಹೊತ್ತಿಗೆ ನಮಗೆ ನೆನಪಿರೋದು ಫೆಬ್ರವರಿ ಮಾತ್ರ, ಅದಕ್ಕೆ ನಾನು ಡ್ಯೂಟಿ ರೋಸ್ಟರ್ ಜೊತೆ ಒಂದು ನೋಟ್‌ಬುಕ್ ಇಟ್ಟಿದೀನಿ, ಯಾರ ಕೆಲಸದಲ್ಲಿ ಏನಾದ್ರೂ ಕಣ್ಣಿಗೆ ಬಿದ್ರೆ ತಾರೀಕು ಹಾಕಿ ಒಂದು ಸಾಲು, ಒಳ್ಳೇದೂ ಸರಿ ಕೆಟ್ಟದ್ದೂ ಸರಿ. ಬರೆಯೋಕೆ ಮುಂಚೆ ಅದನ್ನ ಓದುವಾಗ ಏಪ್ರಿಲ್-ಮೇ ಮದುವೆ ಸೀಸನ್ನೂ ನೋಡ್ತೀನಿ, ಬುಕಿಂಗ್ ಇಲ್ಲದ ಧನುರ್ಮಾಸವನ್ನೂ ನೋಡ್ತೀನಿ. ರಶ್‌ನಲ್ಲಿ ಮಾತ್ರ ತಪ್ಪಾಗ್ತಿದ್ರೆ ಕಾರಣ ಒಂದು, ಖಾಲಿ ಇದ್ದಾಗ್ಲೂ ಆಗ್ತಿದ್ರೆ ಕಾರಣ ಬೇರೆ.

ಹೊಗಳಿಕೆ ಭಾಗಕ್ಕೆ ನಾನು ಹೀಗೆ ಬರೆದೆ: "ಬೆಳಗಿನ ಶಿಫ್ಟ್‌ನಲ್ಲಿ ಹನ್ನೊಂದು ಗಂಟೆ ಒಳಗೆ ಇಂಡಿಯನ್ ಸೆಕ್ಷನ್‌ಗೆ ಬೇಕಾದ ಈರುಳ್ಳಿ, ಟೊಮೇಟೊ, ಶುಂಠಿ-ಬೆಳ್ಳುಳ್ಳಿ ಪೇಸ್ಟ್ ಎಲ್ಲ ರೆಡಿ ಇರುತ್ತೆ, ಇವನ ಶಿಫ್ಟ್‌ನಲ್ಲಿ ಲಂಚ್ ಬಫೆ ಪ್ರೆಪ್‌ಗೋಸ್ಕರ ಕಾದಿಲ್ಲ. ಮದುವೆ ಆರ್ಡರ್ ಇದ್ದ ರಾತ್ರಿ ಪಾತ್ರೆ ತೊಳೆಯೋ ಸ್ಟೀವರ್ಡಿಂಗ್‌ನಲ್ಲಿ ಆಳು ಕಮ್ಮಿ ಆದಾಗ ಯಾರೂ ಹೇಳ್ದೆ ಪಾಟ್ ವಾಶ್‌ಗೆ ನಿಂತ. ಸ್ಟೋರ್‌ನಿಂದ ಬಂದ ಕೊತ್ತಂಬರಿ, ಪಾಲಕ್ ಕೊಳೆತಿದ್ರೆ ತೊಗೊಳ್ಳೋಕೆ ಮುಂಚೆನೇ ತೋರಿಸ್ತಾನೆ." ಇದರಲ್ಲಿ ಒಂದೂ ಗುಣವಾಚಕ ಇಲ್ಲ ನೋಡಿ. ಅವನು ಮಾಡಿದ ಕೆಲಸ, ಅದರಿಂದ ಕಿಚನ್‌ಗೆ ಆದ ಉಪಯೋಗ, ಅಷ್ಟೇ. ನನಗೆ ಆ ಮೂರನೇ ಸಾಲು ಮುಖ್ಯ, ಯಾಕಂದ್ರೆ ಅದು ತಿಳುವಳಿಕೆಯ ಕೆಲಸ, ಬರೀ ಮೈ ಬಗ್ಗಿಸೋ ಕೆಲಸ ಅಲ್ಲ, ಹೆಲ್ಪರ್‌ಗಳಲ್ಲಿರೋ ಈ ತಿಳುವಳಿಕೆ ಯಾರ ಫಾರ್ಮ್‌ನಲ್ಲೂ ಕಾಣ್ಸಲ್ಲ.

ಈಗ ತಿದ್ಕೋಬೇಕಾದ್ದು. ನೋಟ್‌ಬುಕ್‌ನಲ್ಲಿ ಸಣ್ಣಪುಟ್ಟದ್ದು ಸುಮಾರಿತ್ತು, ನಾನು ಎರಡೇ ತೊಗೊಂಡೆ, ತಿಂದವರ ಹೊಟ್ಟೆಗೆ ಸಂಬಂಧಪಟ್ಟಿದ್ದು. ಟೋಪಿ ಸರಿ ಇಲ್ಲ, ಫೋನ್ ನೋಡ್ತಾನೆ ಅನ್ನೋದೆಲ್ಲ ಆವತ್ತೇ ಬಾಯಲ್ಲಿ ಹೇಳಿ ಮುಗಿಸೋ ವಿಷಯ, ವರ್ಷದ ಫಾರ್ಮ್‌ಗೆ ತರಬಾರದು ಅನ್ನೋದು ನನ್ನ ಅಭಿಪ್ರಾಯ.

ಮೊದಲನೇದು ಚಾಪಿಂಗ್ ಬೋರ್ಡ್. ನಮ್ಮಲ್ಲಿ ಹಸಿ ಮಾಂಸಕ್ಕೆ ಕೆಂಪು ಬೋರ್ಡು, ತರಕಾರಿಗೆ ಹಸಿರು. ಡಿನ್ನರ್ ರಶ್‌ನಲ್ಲಿ ಇವನು ಹಸಿರು ಬೋರ್ಡ್ ಮೇಲೆ ಚಿಕನ್ ಕಟ್ ಮಾಡಿ, ನಲ್ಲಿ ಕೆಳಗೆ ಹಿಡಿದು, ಬಟ್ಟೇಲಿ ಒರೆಸಿ, ಅದ್ರ ಮೇಲೇ ಸಲಾಡ್ ಸೌತೆಕಾಯಿ ಹೆಚ್ಚೋಕೆ ಶುರು ಮಾಡ್ದ. ಸೌತೆಕಾಯಿ ಎಲ್ಲ ಬಿಸಾಕ್ಸಿದ್ದಾಯ್ತು. ಕೇಳಿದ್ರೆ "ತೊಳದೀನಲ್ರೀ ಶೆಫ್" ಅಂದ. ಅವನಿಗೆ ನೀರು ಹಾಕಿದ್ರೆ ತೊಳೆದ ಹಾಗೆ, ಆದ್ರೆ ಕತ್ತಿ ಗೀರಿದ ಗೆರೆಯೊಳಗೆ ಹಸಿ ಚಿಕನ್ ರಸ ನಿಂತಿರುತ್ತೆ, ಒರೆಸಿದ ಬಟ್ಟೆ ಅದನ್ನ ಇಡೀ ಬೋರ್ಡಿಗೆ ಹರಡುತ್ತೆ, ಚಿಕನ್ ಆದ್ರೂ ಬೇಯುತ್ತೆ, ಸೌತೆಕಾಯಿ ಹಸಿಯಾಗೇ ಪ್ಲೇಟಿಗೆ ಹೋಗುತ್ತೆ. ಜೊತೆಗೆ ಇನ್ನೊಂದು ವಿಷಯ, ಕಿಚನ್‌ನಲ್ಲಿದ್ದ ಒಂದೇ ಕೆಂಪು ಬೋರ್ಡ್ ಆ ಹೊತ್ತಲ್ಲಿ ತಂದೂರ್ ಕಡೆ ಇತ್ತು. ಅದನ್ನೂ ಫಾರ್ಮ್‌ನಲ್ಲಿ ಬರೆದೆ. ಸಾಮಾನು ಇಲ್ಲದೆ ಆದದ್ದನ್ನ ಹುಡುಗನ ತಲೆಗೆ ಕಟ್ಟಿದ್ರೆ ಕಾಮೆಂಟ್ ಓದಿ ಒಳಗೊಳಗೇ ನಗ್ತಾನೆ, ಉಳಿದ ಮಾತನ್ನೂ ನಂಬಲ್ಲ.

ಎರಡನೇದು ಲೇಬಲ್. ವಾಕ್-ಇನ್‌ನಲ್ಲಿ ಬೆಳಗ್ಗೆ ತೆಗೆದ್ರೆ ಮಖನಿ ಗ್ರೇವಿ ಡಬ್ಬ ಎರಡಿರುತ್ತೆ, ಯಾವುದು ನಿನ್ನೇದು ಯಾವುದು ಮೊನ್ನೇದು ಗೊತ್ತಿಲ್ಲ, ಅನುಮಾನ ಬಂದ ಮೇಲೆ ಎರಡನ್ನೂ ಚೆಲ್ಲಬೇಕು. ಇದು ಧನುರ್ಮಾಸದಲ್ಲೂ ಆಗ್ತಿತ್ತು, ಹಾಗಾಗಿ ರಶ್ ಕಾರಣ ಅಲ್ಲ ಅಂತ ಗೊತ್ತಾಯ್ತು. ಕೂರಿಸಿ ಕೇಳಿದೆ, ತುಂಬಾ ಹೊತ್ತು ಸುಮ್ನಿದ್ದು "ಇಂಗ್ಲಿಷ್‌ನಾಗ ಬರಿಯಾಕ ಸರಿ ಬರಂಗಿಲ್ರೀ" ಅಂದ. ಲೇಬಲ್ ಪೂರ್ತಿ ಇಂಗ್ಲಿಷ್‌ನಲ್ಲಿತ್ತು, ತಪ್ಪು ಬರೆದು ಕಮಿಗಳ ಹತ್ರ ನಗೆಪಾಟಲಾಗೋ ಬದಲು ಬರೀದೇ ಇರೋದೇ ವಾಸಿ ಅಂತ ಬಿಟ್ಟಿದ್ದ. ಇದನ್ನ "ಅಸಡ್ಡೆ" ಅಂತ ಬರೆದುಬಿಟ್ಟಿದ್ರೆ ಎಷ್ಟು ಅನ್ಯಾಯ ಆಗ್ತಿತ್ತು ಹೇಳಿ.

ಕೊನೆಗೆ ಬರೆದಿದ್ದು ಹೀಗೆ: "ರಶ್ ಟೈಮಲ್ಲಿ ಹಸಿ ಚಿಕನ್‌ಗೆ ಹಸಿರು ಬೋರ್ಡ್ ಬಳಸಿದ್ದು ಕಂಡಿದೆ, ಕೆಂಪು ಬೋರ್ಡ್ ಒಂದೇ ಇದ್ದದ್ದೂ ಕಾರಣ, ಎರಡನೇದು ಕಿಚನ್ ಕೊಡುತ್ತೆ. ಇನ್ಮುಂದೆ ಕೆಂಪು ಬೋರ್ಡ್ ಸಿಗದಿದ್ರೆ ಕೆಲಸ ನಿಲ್ಲಿಸಿ ಸೆಕ್ಷನ್ ಶೆಫ್‌ಗೆ ಹೇಳ್ಬೇಕು, ಬಳಸಿದ ಬೋರ್ಡ್ ಸೋಪು, ನೀರು, ಸ್ಯಾನಿಟೈಸರ್ ಮೂರೂ ಸಿಂಕ್ ದಾಟಿ ಗಾಳಿಗೆ ಒಣಗಬೇಕು, ಬಟ್ಟೇಲಿ ಒರೆಸಬಾರದು. ವಾಕ್-ಇನ್‌ಗೆ ಹೋಗೋ ಪ್ರತಿ ಡಬ್ಬಕ್ಕೂ ಪದಾರ್ಥದ ಹೆಸರು, ಮಾಡಿದ ತಾರೀಕು, ಟೈಮ್, ಬಿಸಾಕೋ ತಾರೀಕು ಇರ್ಬೇಕು, ಹೆಸರು ಕನ್ನಡದಲ್ಲಿ ಬರೆದ್ರೂ ನಡೆಯುತ್ತೆ. ಜೂನ್ ಕೊನೆವರೆಗೆ ಕ್ಲೋಸಿಂಗ್ ಶೆಫ್ ವಾರಕ್ಕೊಂದ್ಸಲ ವಾಕ್-ಇನ್ ತೆಗೆದು ಲೇಬಲ್ ಇಲ್ಲದ ಡಬ್ಬ ಎಣಿಸ್ತಾರೆ, ಒಂದೂ ಇರಬಾರದು." ಕೊನೇ ಸಾಲು ಇಲ್ಲದಿದ್ರೆ ಸುಧಾರಿಸಿದ್ನೋ ಇಲ್ವೋ ಅಂತ ಮುಂದಿನ ಮಾರ್ಚ್‌ನಲ್ಲಿ ಮತ್ತೆ ಊಹೆನೇ.

ಹೊಗಳಿಕೆ ಮತ್ತೆ ಇದು, ಎರಡನ್ನೂ ಬೇರೆ ಬೇರೆ ಪ್ಯಾರಾದಲ್ಲೇ ಇಡ್ತೀನಿ, ನಡುವೆ "ಆದರೆ" ಹಾಕಲ್ಲ. "ಚೆನ್ನಾಗಿ ಮಾಡ್ತಾನೆ ಆದರೆ" ಅಂತ ಓದಿದ ಕೂಡ್ಲೇ ಮೊದಲಿನ ಅರ್ಧ ಸುಳ್ಳು ಅನ್ಸುತ್ತೆ. ರೇಟಿಂಗ್ ಐದಕ್ಕೆ ಹಾಕ್ಬೇಕು, ಕೆಲಸದ ವೇಗಕ್ಕೆ ನಾಲ್ಕು, ಫುಡ್ ಸೇಫ್ಟಿಗೆ ಎರಡು ಕೊಟ್ಟೆ, ಸರಾಸರಿ ಮೂರು. ಕಾಮೆಂಟ್‌ನಲ್ಲಿ ಹೊಗಳಿ ರೇಟಿಂಗ್ ಎರಡು, ಅಥವಾ ಬೈದು ನಾಲ್ಕು ಹಾಕಿದ್ರೆ ಎಚ್‌ಆರ್ ನೋಡೋದು ಅಂಕಿನೇ, ಅದಕ್ಕೆ ಎರಡೂ ಹೊಂದ್ಬೇಕು.

ಎಚ್‌ಆರ್‌ಗೆ ಇಂಗ್ಲಿಷ್ ಕಾಪಿ ಹೋಗುತ್ತೆ, ನಾನು ಸೈನ್ ಮಾಡ್ಸೋಕೆ ಮುಂಚೆ ಕನ್ನಡದ್ದನ್ನ ಅವನ ಎದುರು ಓದ್ತೀನಿ. ಲಂಚ್ ಮುಗಿದು ಕಿಚನ್ ಖಾಲಿ ಆದಾಗ, ಬೇರೆ ಯಾರೂ ಇಲ್ಲದ ಕಡೆ. ಪಾಟ್ ವಾಶ್ ಸಾಲು ಬಂದಾಗ "ಅದ ನೋಡಿದ್ರೇನ್ರೀ?" ಅಂತ ಕೇಳ್ದ. ಬೋರ್ಡ್ ವಿಷಯಕ್ಕೆ ವಾದ ಮಾಡ್ಲಿಲ್ಲ, ಎರಡನೇ ಕೆಂಪು ಬೋರ್ಡ್ ಎಲ್ಲಿ ತೂಗುಹಾಕ್ತೀರಿ ಅಂತ ಕೇಳ್ದ, ತರಕಾರಿ ಟೇಬಲ್ ಪಕ್ಕದ ಗೋಡೆ ಅಂತ ಅವನೇ ಜಾಗ ತೋರಿಸ್ದ. ಲೇಬಲ್‌ಗೆ ಸ್ಟೋರ್‌ನವರ ಹತ್ರ ವಾರದ ದಿನಕ್ಕೊಂದು ಬಣ್ಣದ ಸ್ಟಿಕ್ಕರ್ ತರ್ಸಿ, ಮಾರ್ಕರ್ ಪೆನ್ ದಾರ ಕಟ್ಟಿ ವಾಕ್-ಇನ್ ಬಾಗಿಲಿಗೇ ತೂಗುಹಾಕಿದ್ವಿ.

ಫಾರ್ಮ್‌ನಲ್ಲಿ ಟ್ರೈನಿಂಗ್ ಅಂತ ಒಂದು ಕಾಲಂ ಇರುತ್ತೆ, ಹೆಲ್ಪರ್‌ಗಳಿಗೆ ಅದನ್ನ ಖಾಲಿ ಬಿಡೋದೇ ರೂಢಿ. ದಯವಿಟ್ಟು ತುಂಬಿ. ನಾನು ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐನವರ ಫೋಸ್ಟ್ಯಾಕ್ ಬೇಸಿಕ್ ಕೇಟರಿಂಗ್ ಟ್ರೈನಿಂಗ್ ಅಂತ ಬರೆದೆ, ಜೊತೆಗೆ ಜೂನ್ ಚೆಕ್ ಸರಿ ಬಂದ್ರೆ ಕಮಿಗಳಲ್ಲಿ ಮೊದಲ ಮೆಟ್ಟಿಲಾದ ಕಮಿ ತ್ರೀ ಟ್ರಯಲ್‌ಗೆ ಇಂಡಿಯನ್ ಸೆಕ್ಷನ್‌ನಲ್ಲಿ ನಿಲ್ಲಿಸ್ಬಹುದು ಅಂತಲೂ ಸೇರಿಸ್ದೆ.