ಕೋರ್ಸು ಒಂದು, ಕರಾರು ಎರಡು: ಕಲಿಕಾ ಪ್ಯಾಕೇಜಿನ ಕಂತನ್ನು ನಾವು ರದ್ದು ಮಾಡಿಸಿದ ಬಗೆ

ಭಾನುವಾರ ಸಂಜೆ ತುಮಕೂರಿನ ನಮ್ಮ ಮನೆಗೆ ಮಕ್ಕಳ ಕಲಿಕಾ ಕಂಪನಿಯೊಂದರ ಪ್ರತಿನಿಧಿ ಡೆಮೋ ಕೊಡಲು ಬಂದಿದ್ದರು. ಐದನೇ ತರಗತಿಯಲ್ಲಿ ಓದುವ ನನ್ನ ಮಗಳಿಗೆ ಭಿನ್ನರಾಶಿಯ ಒಂದು ಲೆಕ್ಕ ಕೊಟ್ಟರು. ಅವಳು ತಡವರಿಸಿದಾಗ ನನ್ನ ಕಡೆ ತಿರುಗಿ, "ಮೇಡಂ, ಬುನಾದಿಯೇ ಸರಿಯಿಲ್ಲ, ಈ ವರ್ಷ ಬಿಟ್ಟರೆ ಮುಂದೆ ಕಷ್ಟ" ಎಂದರು. ಎರಡು ಗಂಟೆಯ ಮಾತು ಮುಗಿಯುವ ಹೊತ್ತಿಗೆ ನಾವು ಪಾಠದ ಟ್ಯಾಬ್ ಕೂಡ ಸೇರಿದ ₹48,000ದ ಪ್ಯಾಕೇಜಿಗೆ ಒಪ್ಪಿಕೊಂಡಿದ್ದೆವು. ₹6,000 ಮುಂಗಡವನ್ನು ಯುಪಿಐ ಮೂಲಕ ಕಟ್ಟಿದೆವು. ಉಳಿದದ್ದು ತಿಂಗಳಿಗೆ ₹3,500ರಂತೆ ಹನ್ನೆರಡು ಕಂತು. ಆ ಸಂಜೆ ನನ್ನ ಫೋನಿಗೆ ಮೂರು ಓಟಿಪಿ ಬಂದವು. ಮೂರನ್ನೂ ನಾನೇ ಓದಿ ಹೇಳಿದೆ. "ಇದು ಸಾಲವಲ್ಲ ಮೇಡಂ, ಬಡ್ಡಿಯಿಲ್ಲದ ಕಂತು" ಎಂದು ಅವರು ಹೇಳಿದ್ದನ್ನು ನಂಬಿದ್ದೆ.

ರಾತ್ರಿ ಇಮೇಲ್ ತೆರೆದಾಗ ಎರಡು ದಾಖಲೆಗಳಿದ್ದವು. ಒಂದು ಕಂಪನಿಯ ಆರ್ಡರ್ ಫಾರಂ, ಇನ್ನೊಂದು ನಾನು ಹೆಸರೇ ಕೇಳದ ಒಂದು ಹಣಕಾಸು ಸಂಸ್ಥೆಯ ಸಾಲದ ಕರಾರು ಮತ್ತು ಅದರ ಜೊತೆಗೆ ಸಾಲದ ಮುಖ್ಯ ಷರತ್ತುಗಳನ್ನು ಒಂದೆಡೆ ಹೇಳುವ ಕೀ ಫ್ಯಾಕ್ಟ್ ಸ್ಟೇಟ್‌ಮೆಂಟ್. ಮೊದಲ ಓಟಿಪಿ ಗುರುತಿನ ದಾಖಲೆಗೆ, ಎರಡನೆಯದು ಸಾಲದ ಕರಾರಿನ ಸಹಿಗೆ, ಮೂರನೆಯದು ನನ್ನ ಬ್ಯಾಂಕ್ ಖಾತೆಯಿಂದ ಪ್ರತಿ ತಿಂಗಳು ಹಣ ಕಡಿತವಾಗಲು ಕೊಟ್ಟ ಮ್ಯಾಂಡೇಟಿಗೆ ಎಂಬುದು ಆಗ ತಿಳಿಯಿತು.

ಎಲ್ಲವೂ ನಿಂತಿರುವುದು ಇಲ್ಲಿಯೇ. ಕೋರ್ಸಿಗೂ ಸಾಲಕ್ಕೂ ಕರಾರು ಬೇರೆ, ಎದುರು ಪಕ್ಷವೂ ಬೇರೆ, ಹಿಂದೆ ಸರಿಯುವ ಗಡುವೂ ಬೇರೆ. ಕೋರ್ಸನ್ನು ಎಷ್ಟು ದಿನದೊಳಗೆ ಬಿಡಬಹುದು ಎಂಬುದು ನಮ್ಮ ಪ್ರಕರಣದಲ್ಲಿ ಆರ್ಡರ್ ಫಾರಂನ ಹಿಂಬದಿಯಲ್ಲಿತ್ತು: ಟ್ಯಾಬ್ ಕೈಸೇರಿದ 15 ದಿನದೊಳಗೆ, ಮರುಮಾರಾಟಕ್ಕೆ ಯೋಗ್ಯ ಸ್ಥಿತಿಯಲ್ಲಿ ಹಿಂದಿರುಗಿಸಿದರೆ ಪೂರ್ಣ ಹಣ ವಾಪಸ್. ಫೋನಿನಲ್ಲೇ ಮುಗಿಯುವ ಡಿಜಿಟಲ್ ಸಾಲದಿಂದ ಹೊರಬರುವ ಹಕ್ಕನ್ನು ಮಾತ್ರ ರಿಸರ್ವ್ ಬ್ಯಾಂಕಿನ ನಿಯಮವೇ ಕೊಡುತ್ತದೆ. ಇದನ್ನು ಕೂಲಿಂಗ್ ಆಫ್ ಅವಧಿ ಎನ್ನುತ್ತಾರೆ. ಈ ಅವಧಿಯೊಳಗೆ ಅಸಲು ಮತ್ತು ಅಷ್ಟು ದಿನದ ಬಡ್ಡಿ ಕಟ್ಟಿದರೆ ದಂಡವಿಲ್ಲದೆ ಸಾಲ ಮುಗಿಯುತ್ತದೆ. ಮೊದಲೇ ತಿಳಿಸಿದ್ದ ಪ್ರೊಸೆಸಿಂಗ್ ಶುಲ್ಕವನ್ನು ಮಾತ್ರ ಅವರು ಇಟ್ಟುಕೊಳ್ಳಬಹುದು. 2022ರ ಸೂಚನೆಗಳಲ್ಲಿ ಏಳು ದಿನ ಅಥವಾ ಹೆಚ್ಚಿನ ಅವಧಿಯ ಸಾಲಕ್ಕೆ ಕನಿಷ್ಠ ಮೂರು ದಿನವೆಂದಿತ್ತು. 2025ರ ಮೇ ತಿಂಗಳ ನಿರ್ದೇಶನಗಳಲ್ಲಿ ಅದು ಕನಿಷ್ಠ ಒಂದು ದಿನವಾಯಿತು, ಅದಕ್ಕಿಂತ ಹೆಚ್ಚು ಎಷ್ಟು ಎಂಬುದನ್ನು ಸಾಲ ಕೊಡುವ ಸಂಸ್ಥೆಯ ಆಡಳಿತ ಮಂಡಳಿ ನಿರ್ಧರಿಸುತ್ತದೆ. ನಮ್ಮ ಸ್ಟೇಟ್‌ಮೆಂಟಿನಲ್ಲಿ ಮೂರು ದಿನ ಎಂದಿತ್ತು, ಅಂದರೆ ಬುಧವಾರಕ್ಕೆ ಮುಗಿಯುತ್ತಿತ್ತು.

ಸೋಮವಾರ ಬೆಳಿಗ್ಗೆ ಪ್ರತಿನಿಧಿಗೆ ಫೋನ್ ಮಾಡಿದೆ. "ಚಿಂತೆ ಮಾಡಬೇಡಿ, ನಾನೇ ಕ್ಯಾನ್ಸಲ್ ಮಾಡಿಸುತ್ತೇನೆ, ಐದು ದಿನ ಸಮಯ ಕೊಡಿ" ಎಂದರು. ಐದು ದಿನ ಕಾದಿದ್ದರೆ ಕೋರ್ಸಿನ ಗಡುವು ಉಳಿದಿರುತ್ತಿತ್ತು, ಸಾಲದ ಗಡುವು ಕಳೆದಿರುತ್ತಿತ್ತು. ಅದೇ ದಿನ ನಮ್ಮ ಭಾವ, "ಬ್ಯಾಂಕಿಗೆ ಹೋಗಿ ಮ್ಯಾಂಡೇಟ್ ನಿಲ್ಲಿಸಿಬಿಡು, ದುಡ್ಡು ಹೋಗದಿದ್ದರೆ ಅವರೇನು ಮಾಡುತ್ತಾರೆ" ಎಂದು ಸಲಹೆ ಕೊಟ್ಟರು. ಸಾಲ ಹಾಗೆಯೇ ಇದ್ದು ಕಂತು ಮಾತ್ರ ನಿಂತರೆ ನಾವು ಸುಸ್ತಿದಾರರಾಗುತ್ತೇವೆ. ಬಾಕಿ ಕ್ರೆಡಿಟ್ ವರದಿಗೆ ಹೋಗುತ್ತದೆ, ಖಾತೆಯಲ್ಲಿ ಹಣವಿಲ್ಲದೆ ಮ್ಯಾಂಡೇಟ್ ಬೌನ್ಸ್ ಆದರೆ ಶುಲ್ಕ ಬೀಳುತ್ತದೆ, ಚೆಕ್ ಬೌನ್ಸಿನಂತೆಯೇ 2007ರ ಪಾವತಿ ವ್ಯವಸ್ಥೆಗಳ ಕಾಯ್ದೆಯ 25ನೇ ಕಲಮಿನಡಿ ಮೊಕದ್ದಮೆಗೂ ಅವಕಾಶವಿದೆ. ಹಾಗಾಗಿ ಮ್ಯಾಂಡೇಟನ್ನು ಕೊನೆಗೆ ಇಟ್ಟುಕೊಂಡೆ.

ಸೋಮವಾರ ಮಧ್ಯಾಹ್ನ ಹಣಕಾಸು ಸಂಸ್ಥೆಯ ಕುಂದುಕೊರತೆ ಅಧಿಕಾರಿಗೆ ಇಮೇಲ್ ಕಳಿಸಿದೆ. ಅವರ ವಿಳಾಸ ಅದೇ ಸ್ಟೇಟ್‌ಮೆಂಟಿನಲ್ಲಿತ್ತು. ಸಾಲದ ಸಂಖ್ಯೆ ಬರೆದು, ಕೂಲಿಂಗ್ ಆಫ್ ಅವಧಿಯೊಳಗೆ ಸಾಲದಿಂದ ಹೊರಬರುತ್ತಿದ್ದೇನೆ, ಕಟ್ಟಬೇಕಾದ ಮೊತ್ತ ಮತ್ತು ಖಾತೆ ತಿಳಿಸಿ, ಹಣ ಇನ್ನೂ ಕಂಪನಿಗೆ ಹೋಗಿಲ್ಲದಿದ್ದರೆ ತಡೆಹಿಡಿಯಿರಿ ಎಂದು ಕೇಳಿದೆ. ಮಂಗಳವಾರ ಉತ್ತರ ಬಂತು: ಹಣ ಸೋಮವಾರವೇ ಕಂಪನಿಗೆ ಹೋಗಿದೆ. ನಾನು ಪಡೆದ ಸಾಲ ನನ್ನ ಖಾತೆಗೆ ಒಂದು ಗಳಿಗೆಯೂ ಬಂದಿರಲಿಲ್ಲ. ನಿರ್ದಿಷ್ಟ ಉದ್ದೇಶದ ಸಾಲದಲ್ಲಿ ಮಾರಾಟಗಾರನಿಗೇ ನೇರವಾಗಿ ಹಣ ಕೊಡಲು ಅವಕಾಶವಿದೆ. ಹೊರಬರಬೇಕಾದರೆ ಮಾತ್ರ ಅದನ್ನು ನಾನೇ ನನ್ನ ಕೈಯಿಂದ ಕಟ್ಟಬೇಕು, ಆಮೇಲೆ ಕಂಪನಿಯಿಂದ ವಸೂಲು ಮಾಡಿಕೊಳ್ಳಬೇಕು. ಕಂಪನಿಯೇ ಸಂಸ್ಥೆಗೆ ಹಣ ಹಿಂದಿರುಗಿಸುವುದೂ ಉಂಟು, ಆದರೆ ಅದು ಬುಧವಾರದೊಳಗೆ ಆಗುತ್ತದೆ ಎಂಬ ಭರವಸೆ ಯಾರೂ ಕೊಡಲಿಲ್ಲ. ಈ ಹಕ್ಕನ್ನು ಬಳಸಲು ಕೈಯಲ್ಲಿ ಇಡುಗಂಟು ಬೇಕಾಗುತ್ತದೆ ಎಂಬುದು ನನಗೆ ಇಂದಿಗೂ ಅನ್ಯಾಯವೆನಿಸುತ್ತದೆ. ಕಂತಿನಲ್ಲಿ ಕಟ್ಟುವವರ ಬಳಿ ಅದು ಇರುವುದೇ ಅಪರೂಪ. ನಮ್ಮಲ್ಲಿ ಅಂಚೆ ಕಚೇರಿಯ ಆರ್‌ಡಿ ಮುಗಿದು ಬಂದ ಹಣವಿತ್ತು.

ಬಡ್ಡಿಯಿಲ್ಲ ಎಂಬ ಮಾತಿನ ನಿಜಸ್ಥಿತಿಯೂ ಆ ಉತ್ತರದಲ್ಲೇ ಬಯಲಾಯಿತು. ಸ್ಟೇಟ್‌ಮೆಂಟಿನ ಪ್ರಕಾರ ಬಡ್ಡಿ ವರ್ಷಕ್ಕೆ ಶೇ. 18, ಅಸಲು ₹42,000 ಅಲ್ಲ, ₹38,176 ಮಾತ್ರ. ಉಳಿದ ₹3,824 ಬಡ್ಡಿ. ಅಷ್ಟನ್ನು ಕಂಪನಿ ರಿಯಾಯಿತಿಯೆಂದು ಬಿಟ್ಟುಕೊಟ್ಟು, ₹38,176 ಮಾತ್ರ ಸಂಸ್ಥೆಯಿಂದ ಪಡೆದಿತ್ತು. ಹಾಗಾಗಿ ಹೊರಬರಲು ನಾನು ಕಟ್ಟಬೇಕಿದ್ದದ್ದು ಆ ಅಸಲು ಮತ್ತು ಎರಡು ದಿನದ ಬಡ್ಡಿ ಸುಮಾರು ₹38. ಬುಧವಾರ ಬೆಳಿಗ್ಗೆ ಅವರು ಕೊಟ್ಟ ಖಾತೆಗೆ ಅಷ್ಟನ್ನೂ ಕಟ್ಟಿ, ವಹಿವಾಟಿನ ಸಂಖ್ಯೆಯೊಂದಿಗೆ ಅದೇ ಇಮೇಲಿಗೆ ಉತ್ತರಿಸಿ, ನೋ ಡ್ಯೂ ಪತ್ರ ಮತ್ತು ಮ್ಯಾಂಡೇಟ್ ರದ್ದತಿ ಎರಡನ್ನೂ ಕೇಳಿದೆ. ಪತ್ರ ಬಂದ ಮೇಲೆ ಬ್ಯಾಂಕಿನ ಶಾಖೆಗೆ ಹೋಗಿ, ಮ್ಯಾಂಡೇಟಿನ ಯುಎಂಆರ್‌ಎನ್ ಸಂಖ್ಯೆ ಕೊಟ್ಟು ಅದು ನಿಜವಾಗಿ ರದ್ದಾಗಿದೆಯೇ ಎಂದು ನೋಡಿಸಿದೆ. ಅದು ಇನ್ನೂ ಚಾಲ್ತಿಯಲ್ಲೇ ಇತ್ತು. ನೋ ಡ್ಯೂ ಪತ್ರದ ಪ್ರತಿ ಲಗತ್ತಿಸಿ ಅಲ್ಲಿಯೇ ರದ್ದತಿ ಅರ್ಜಿ ಕೊಟ್ಟೆ.

ಕಂಪನಿಗೆ ಬರೆದ ಪತ್ರವನ್ನು ಬುಧವಾರವೇ ಇಮೇಲಿನಲ್ಲೂ ಸ್ಪೀಡ್ ಪೋಸ್ಟಿನಲ್ಲೂ ಕಳಿಸಿದೆ. ಕೇಳಿದ್ದು ₹44,176: ನನ್ನ ಮುಂಗಡ ₹6,000 ಮತ್ತು ಸಂಸ್ಥೆಯಿಂದ ಅವರಿಗೆ ಬಂದ ₹38,176. ನಾನು ಸಾಲ ತೀರಿಸಿದ ದಾಖಲೆಯನ್ನು ಜೊತೆಗಿಟ್ಟೆ. ಇಲ್ಲದಿದ್ದರೆ ಆ ಹಣವನ್ನು ಅವರು ಸಂಸ್ಥೆಗೇ ಮರಳಿಸಿ, ನಾನು ಮತ್ತೆ ಅಲ್ಲಿ ಅಲೆಯಬೇಕಾಗುತ್ತಿತ್ತು. ಮೊದಲ ಉತ್ತರದಲ್ಲಿ, ಟ್ಯಾಬ್ ಆ್ಯಕ್ಟಿವೇಟ್ ಆಗಿರುವುದರಿಂದ ಹಣ ಹಿಂದಿರುಗಿಸಲಾಗದು ಎಂದರು. ಅದನ್ನು ಆ್ಯಕ್ಟಿವೇಟ್ ಮಾಡಿದ್ದು ಅವರದೇ ಪ್ರತಿನಿಧಿ, ನಮ್ಮ ಸೋಫಾದ ಮೇಲೆ ಕುಳಿತು, ಡೆಮೋ ನಡೆಯುವಾಗಲೇ. ಆರ್ಡರ್ ಫಾರಂನಲ್ಲಿದ್ದ ಮಾತು ಮರುಮಾರಾಟಕ್ಕೆ ಯೋಗ್ಯ ಸ್ಥಿತಿ ಎಂಬುದಷ್ಟೇ, ಆ್ಯಕ್ಟಿವೇಶನ್ ಬಗ್ಗೆ ಒಂದಕ್ಷರವೂ ಇರಲಿಲ್ಲ. ಆ ಸಾಲಿನ ಫೋಟೊ, ಪರದೆಯ ಮೇಲಿನ ಪ್ಲಾಸ್ಟಿಕ್ ಹಾಳೆ ಕೀಳದ ಟ್ಯಾಬಿನ ಫೋಟೊ, ಆ್ಯಕ್ಟಿವೇಶನ್ ಸಂದೇಶ ಬಂದ ಸಮಯ ಇಷ್ಟನ್ನು ಸೇರಿಸಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟೆ. ಸಹಾಯವಾಣಿ ತೀರ್ಪು ಕೊಡುವುದಿಲ್ಲ, ದೂರನ್ನು ಕಂಪನಿಗೆ ಕಳಿಸಿ ಉತ್ತರ ಕೇಳುತ್ತದೆ. ಅಲ್ಲಿ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುವುದೆಂದು ತೀರ್ಮಾನಿಸಿದ್ದೆ; ದೂರುದಾರರು ವಾಸಿಸುವ ಜಿಲ್ಲೆಯಲ್ಲೇ ಅರ್ಜಿ ಹಾಕಬಹುದು, ₹5 ಲಕ್ಷದವರೆಗಿನ ಖರೀದಿಗೆ ಶುಲ್ಕವೂ ಇಲ್ಲ.

ಅಲ್ಲಿಗೆ ಹೋಗುವ ಪ್ರಸಂಗ ಬರಲಿಲ್ಲ. ಎರಡು ವಾರದ ನಂತರ ಕೊರಿಯರ್‌ನವರು ಬಂದು ಟ್ಯಾಬ್ ಒಯ್ದರು, ರಸೀದಿಯಲ್ಲಿ ಅದರ ಸೀರಿಯಲ್ ಸಂಖ್ಯೆ ಬರೆಸಿಕೊಂಡೆ. ಮೊದಲು ₹38,176 ಬಂತು. ಮುಂಗಡದ ₹6,000 ಬರಲು ಮತ್ತೊಂದು ಇಮೇಲ್ ಬೇಕಾಯಿತು. ಎರಡು ತಿಂಗಳ ಬಳಿಕ, ವರ್ಷಕ್ಕೊಮ್ಮೆ ಉಚಿತವಾಗಿ ಸಿಗುವ ಕ್ರೆಡಿಟ್ ವರದಿಯನ್ನು ತೆಗೆದು ನೋಡಿದೆ. ಆ ಸಾಲದ ಮುಂದೆ ಬಾಕಿ ಸೊನ್ನೆ, ಖಾತೆ ಮುಕ್ತಾಯ ಎಂದಿತ್ತು.