'ಕಿವಿ ಕಟ್ಟಿಕೊಂಡಿದೆ' ಎಂದು ಬಂದವರ ಹಣೆಗೆ ನಾನು ಶ್ರುತಿಕವೆ ಇಡುವುದೇಕೆ

"ಬೆಳಿಗ್ಗೆ ಏಳುವಾಗಲೇ ಕಿವಿ ಕಟ್ಟಿಕೊಂಡಿತ್ತು ಡಾಕ್ಟ್ರೇ, ಒಳಗೆ ಗುಂಯ್ ಅಂತಿದೆ." ಕಿವಿ-ಮೂಗು-ಗಂಟಲಿನ ವೈದ್ಯನಾದ ನಾನು ದಿನವೂ ಕೇಳುವ ಮಾತಿದು. ಬಹುತೇಕರಲ್ಲಿ ಇದಕ್ಕೆ ಕಾರಣ ಗುಗ್ಗೆ, ಇಲ್ಲವೇ ನೆಗಡಿಯಾಗಿ ಕಿವಿಗೂ ಗಂಟಲಿಗೂ ನಡುವಿನ ನಳಿಕೆ ಮುಚ್ಚಿಕೊಂಡಿರುವುದು. ಆದರೆ ಆಗೊಮ್ಮೆ ಈಗೊಮ್ಮೆ ಅವರ ನಡುವೆ ಒಳಕಿವಿಗೇ ಪೆಟ್ಟು ಬಿದ್ದವರೊಬ್ಬರು ಇರುತ್ತಾರೆ. ಅವರಿಗೂ ಕಿವಿ 'ಕಟ್ಟಿಕೊಂಡಂತೆ'ಯೇ ಅನ್ನಿಸುತ್ತದೆ. ನೋವಿಲ್ಲ, ಸೋರುವುದಿಲ್ಲ. ಇನ್ನೊಂದು ಕಿವಿ ಚೆನ್ನಾಗಿ ಕೇಳುವುದರಿಂದ ಎಷ್ಟು ಕಳೆದುಕೊಂಡಿದ್ದೇವೆ ಎಂಬ ಅಂದಾಜೂ ಅವರಿಗೆ ಸಿಗುವುದಿಲ್ಲ.

ವೃತ್ತಿಯ ಮೊದಲ ವರ್ಷಗಳಲ್ಲಿ ನಾನೇ ಇಂಥ ಒಬ್ಬರನ್ನು ತಪ್ಪಾಗಿ ನೋಡಿದ್ದೆ. ಮೂವತ್ತರ ಆಸುಪಾಸಿನ ಯುವಕ. ವಾರದ ಹಿಂದೆ ನೆಗಡಿಯಾಗಿತ್ತು ಅಂದ. ಕಿವಿಯ ತಮಟೆ ನೋಡಿದೆ, ಚೆನ್ನಾಗಿಯೇ ಇತ್ತು. ನೆಗಡಿಯ ಕಾರಣಕ್ಕೆ ನಳಿಕೆ ಮುಚ್ಚಿರಬೇಕು ಅಂದುಕೊಂಡು ಮೂಗಿನ ಹನಿ ಬರೆದು, ಹಬೆ ತೆಗೆದುಕೊಳ್ಳಲು ಹೇಳಿ ಕಳಿಸಿದೆ. ಆತ ಮರಳಿ ಬಂದದ್ದು ಐದು ವಾರದ ನಂತರ. ಆ ಹೊತ್ತಿಗೆ ಆ ಕಿವಿಯಲ್ಲಿ ಮಾತೇ ಕೇಳುತ್ತಿರಲಿಲ್ಲ. ಚಿಕಿತ್ಸೆ ಕೊಟ್ಟೆ, ಏನೂ ತಿರುಗಿ ಬರಲಿಲ್ಲ. ಮೊದಲ ದಿನವೇ ಕೊಟ್ಟಿದ್ದರೆ ಖಂಡಿತ ಗುಣವಾಗುತ್ತಿತ್ತು ಎಂದು ಹೇಳಲಾರೆ. ಆದರೆ ಅವನಿಗೆ ಸಿಗಬೇಕಾಗಿದ್ದ ಅವಕಾಶವನ್ನು ನಾನು ಕೊಡಲಿಲ್ಲ. ಮೇಜಿನ ಖಾನೆಯಲ್ಲೇ ಇದ್ದ, ತಟ್ಟಿದರೆ ಒಂದೇ ಸ್ವರದಲ್ಲಿ ಕಂಪಿಸುವ ಎರಡು ಕವಲಿನ ಲೋಹದ ಶ್ರುತಿಕವೆಯನ್ನು ತೆಗೆದಿದ್ದರೆ ಅರ್ಧ ನಿಮಿಷದಲ್ಲಿ ಗೊತ್ತಾಗುತ್ತಿತ್ತು.

ಆ ಅರ್ಧ ನಿಮಿಷದಲ್ಲಿ ನಡೆಯುವುದನ್ನು ಇತ್ತೀಚಿನ ಒಂದು ಪ್ರಕರಣದ ಮೂಲಕ ಹೇಳುತ್ತೇನೆ. ಐವತ್ತೆರಡರ ಶಿಕ್ಷಕಿ, ತೂಕ 60 ಕಿಲೋ, ಸಕ್ಕರೆ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುತ್ತಿದ್ದರು. ಫೋನನ್ನು ಎಡಗಿವಿಗೆ ಹಿಡಿದಾಗ ಆಚೆಯಿಂದ ಯಾರೂ ಮಾತಾಡುತ್ತಿಲ್ಲ ಅನ್ನಿಸಿತಂತೆ. ಬಲಗಿವಿಗೆ ಬದಲಿಸಿದಾಗ ಸ್ಪಷ್ಟವಾಗಿ ಕೇಳಿತು. ಗುಗ್ಗೆ ಇರಬೇಕು ಎಂದು ಔಷಧಿ ಅಂಗಡಿಯಿಂದ ಹನಿ ತಂದು ಐದು ದಿನ ಹಾಕಿಕೊಂಡು, ಆರನೇ ದಿನ ನನ್ನ ಬಳಿ ಬಂದರು. ಕಿವಿಯಲ್ಲಿ ಸ್ವಲ್ಪ ಗುಗ್ಗೆ ಇತ್ತು, ತೆಗೆದೆ. ಆಮೇಲೂ ಕೇಳಿಸಲಿಲ್ಲ. ಗುಗ್ಗೆ ಕಂಡಿತೆಂದು ಅಲ್ಲಿಗೇ ನಿಲ್ಲಿಸುವವರಿದ್ದಾರೆ. ಗುಗ್ಗೆ ಇದ್ದ ಮಾತ್ರಕ್ಕೆ ಅದೇ ಕಾರಣ ಆಗಬೇಕಿಲ್ಲ.

512 ಹರ್ಟ್ಸ್‌ನ ಶ್ರುತಿಕವೆಯನ್ನು ಮೊಣಕೈಗೆ ತಟ್ಟಿ, ಅದರ ಬುಡವನ್ನು ಅವರ ಹಣೆಯ ನಟ್ಟನಡುವೆ ಒತ್ತಿ ಹಿಡಿದೆ. "ಸದ್ದು ಎಲ್ಲಿ ಕೇಳ್ತಿದೆ?" ಅವರು ಬಲಗಿವಿ ತೋರಿಸಿದರು. ಗುಗ್ಗೆಯೋ ನೆಗಡಿಯೋ ಎಡಗಿವಿಯನ್ನು ಮುಚ್ಚಿದ್ದರೆ ಸದ್ದು ಎಡಗಡೆಗೇ ಜೋರಾಗಿ ಕೇಳಬೇಕಿತ್ತು. ನೀವು ಬೆರಳಿನಿಂದ ಒಂದು ಕಿವಿ ಮುಚ್ಚಿಕೊಂಡು 'ಹ್ಂ' ಎಂದು ಗುನುಗಿ ನೋಡಿ, ಸದ್ದು ಮುಚ್ಚಿದ ಕಡೆಗೇ ವಾಲುತ್ತದೆ. ಮೂಳೆಯ ಮೂಲಕ ಬಂದ ಸದ್ದು ಕೆಟ್ಟ ಕಿವಿಯನ್ನು ಬಿಟ್ಟು ಒಳ್ಳೆಯ ಕಿವಿಗೆ ಹೋಯಿತು ಎಂದರೆ, ತೊಂದರೆ ದಾರಿಯಲ್ಲಿಲ್ಲ, ಸದ್ದನ್ನು ಹಿಡಿಯುವ ಒಳಕಿವಿ ಅಥವಾ ನರದಲ್ಲಿದೆ ಎಂದು ಅರ್ಥ. ಮುಖ ಸೊಟ್ಟಗಾಗಿದೆಯೇ, ಮಾತು ತೊದಲುತ್ತಿದೆಯೇ, ನಡೆಯುವಾಗ ವಾಲುತ್ತಾರೆಯೇ ಎಂದೂ ನೋಡಿದೆ. ಅವು ಇದ್ದರೆ ದಾರಿಯೇ ಬೇರೆ, ನೇರ ಪಾರ್ಶ್ವವಾಯುವಿನ ತಪಾಸಣೆಗೆ ಕಳಿಸಬೇಕು. ಅವರಲ್ಲಿ ಅದ್ಯಾವುದೂ ಇರಲಿಲ್ಲ.

ಯಾವ ಸ್ವರ ಎಷ್ಟು ಜೋರಾಗಿದ್ದರೆ ಕೇಳುತ್ತದೆ ಎಂದು ಅಳೆಯುವ ಆಡಿಯೋಗ್ರಾಂ ಅದೇ ದಿನ ಮಾಡಿಸಿದೆ. ಬಲಗಿವಿ 15 ಡೆಸಿಬೆಲ್‌ನಲ್ಲೇ ಕೇಳುತ್ತಿತ್ತು. ಎಡಗಿವಿಗೆ 500 ಹರ್ಟ್ಸ್‌ನಲ್ಲಿ 55, 1000ದಲ್ಲಿ 60, 2000ದಲ್ಲಿ 65 ಡೆಸಿಬೆಲ್ ಬೇಕಾಯಿತು. ಎದುರು ಕೂತು ಆಡುವ ಮಾತೇ ಸುಮಾರು 60 ಡೆಸಿಬೆಲ್. ಅಂದರೆ ಅವರ ಎಡಗಿವಿಗೆ ಮಾತು ಅಂಚಿನಲ್ಲೂ ಸರಿಯಾಗಿ ತಾಗುತ್ತಿರಲಿಲ್ಲ. ಅಕ್ಕಪಕ್ಕದ ಮೂರು ಸ್ವರಮಟ್ಟಗಳಲ್ಲಿ 30 ಡೆಸಿಬೆಲ್ ಅಥವಾ ಅದಕ್ಕಿಂತ ಹೆಚ್ಚು, 72 ಗಂಟೆಯೊಳಗೆ ಕಳೆದುಹೋದರೆ ಅದನ್ನು ದಿಢೀರ್ ನರಸಂಬಂಧಿ ಕಿವುಡು ಎನ್ನುತ್ತೇವೆ. ಆಡಿಯೋಗ್ರಾಂ ಅಂದೇ ಸಿಗದಿದ್ದರೆ ಅದಕ್ಕಾಗಿ ದಿನಗಟ್ಟಲೆ ಕಾಯಬಾರದು, ಶ್ರುತಿಕವೆಯ ಉತ್ತರದ ಮೇಲೇ ಚಿಕಿತ್ಸೆ ಶುರು ಮಾಡಬಹುದು.

ಚಿಕಿತ್ಸೆ ಎಂದರೆ ಸ್ಟೀರಾಯ್ಡ್. ಪ್ರೆಡ್ನಿಸೋಲೋನ್, ದೇಹದ ತೂಕದ ಪ್ರತಿ ಕಿಲೋಗೆ ದಿನಕ್ಕೆ 1 ಮಿಲಿಗ್ರಾಂ, ಹೆಚ್ಚೆಂದರೆ 60. ಇವರಿಗೆ ಬೆಳಿಗ್ಗೆ ತಿಂಡಿಯಾದ ಮೇಲೆ 60 ಮಿಲಿಗ್ರಾಂ ಒಟ್ಟಿಗೆ, ಹತ್ತು ದಿನ, ಆಮೇಲೆ ಹಂತಹಂತವಾಗಿ ಇಳಿಸುವುದು. ಸ್ಟೀರಾಯ್ಡ್ ಎಂಬ ಹೆಸರಿಗೆ ಹೆದರಿ 5 ಅಥವಾ 10 ಮಿಲಿಗ್ರಾಂ ಬರೆದ ಚೀಟಿಗಳನ್ನು ನಾನು ಬಹಳ ನೋಡಿದ್ದೇನೆ. ಚಿಕಿತ್ಸೆ ಆಯಿತು ಎಂಬ ನೆಮ್ಮದಿಯಲ್ಲಿ ರೋಗಿ ಇರುತ್ತಾರೆ, ಒಳಕಿವಿಗೆ ತಲುಪಬೇಕಾದ್ದು ತಲುಪಿರುವುದಿಲ್ಲ, ವಾರಗಳು ಉರುಳುತ್ತವೆ. ಹಾಗೆಂದು ಈ ಮಾತ್ರೆಯನ್ನು ಯಾರೂ ತಾವಾಗಿಯೇ ನುಂಗಬಾರದು. ಇವರ ಸಕ್ಕರೆ ಮೂರನೇ ದಿನಕ್ಕೇ ಏರಿತು. ಅವರ ಸಕ್ಕರೆ ಕಾಯಿಲೆಯ ವೈದ್ಯರೊಂದಿಗೆ ಮೊದಲೇ ಮಾತಾಡಿದ್ದೆ, ಅವರು ಆ ದಿನಗಳ ಮಟ್ಟಿಗೆ ಇನ್ಸುಲಿನ್ ಕೊಟ್ಟು ಹಿಡಿತದಲ್ಲಿಟ್ಟರು.

ಇಷ್ಟೊಂದು ಅವಸರ ಏಕೆ ಎಂದು ಅವರ ಮಗಳು ಕೇಳಿದಳು. ನ್ಯಾಯವಾದ ಪ್ರಶ್ನೆ. ಈ ಕಿವುಡು ಏಕೆ ಬಂತು ಎಂಬುದು ಬಹುಪಾಲು ಪ್ರಕರಣಗಳಲ್ಲಿ ಗೊತ್ತಾಗುವುದೇ ಇಲ್ಲ. ಚಿಕಿತ್ಸೆ ಇಲ್ಲದೆಯೂ ಮೂರರಲ್ಲಿ ಒಬ್ಬರಾದರೂ ತಾವಾಗಿ ಸುಧಾರಿಸಿಕೊಳ್ಳುತ್ತಾರೆ. ಸ್ಟೀರಾಯ್ಡ್ ಪರವಾದ ಪುರಾವೆಯೂ ನಾವು ಬಯಸುವಷ್ಟು ಗಟ್ಟಿಯಾಗಿಲ್ಲ. ಆದರೆ ತಾವಾಗಿ ಸುಧಾರಿಸುವವರು ಯಾರು ಎಂದು ಮೊದಲೇ ಗುರುತಿಸಲು ಬರುವುದಿಲ್ಲ. ಮೊದಲ ಎರಡು ವಾರದಲ್ಲಿ ಶುರುವಾದ ಚಿಕಿತ್ಸೆಗೆ ಫಲ ಹೆಚ್ಚು, ನಾಲ್ಕರಿಂದ ಆರು ವಾರ ಕಳೆದರೆ ಬಹುತೇಕ ಇಲ್ಲ. ಸದ್ದನ್ನು ಹಿಡಿಯುವ ಒಳಕಿವಿಯ ಕೂದಲು ಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ಕಾದು ನೋಡೋಣ ಎನ್ನಲು ನನಗೆ ಮನಸ್ಸು ಬಾರದಿರುವುದು ಇದಕ್ಕೇ.

ಹತ್ತನೇ ದಿನ ಮತ್ತೆ ಪರೀಕ್ಷಿಸಿದಾಗ ಎಡಗಿವಿ ಸುಮಾರು 45 ಡೆಸಿಬೆಲ್‌ಗೆ ಬಂದಿತ್ತು. ಅಲ್ಲಿಗೇ ಬಿಡದೆ, ತಮಟೆಯ ಹಿಂದಿನ ನಡುಗಿವಿಗೆ ನೇರವಾಗಿ ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ಚುಚ್ಚುವ ದಾರಿ ಹಿಡಿದೆ. ತಮಟೆಯನ್ನು ಮರಗಟ್ಟಿಸಿ, ಸೂಕ್ಷ್ಮದರ್ಶಕದಡಿ ಸಣ್ಣ ಸೂಜಿಯಿಂದ ಅರ್ಧ ಮಿಲಿಲೀಟರಿನಷ್ಟು ಔಷಧಿ ತುಂಬುತ್ತೇವೆ. ನಿಜವಾದ ಕೆಲಸ ಆಮೇಲಿನದು. ಕಿವಿ ಮೇಲಾಗಿ ಅರ್ಧ ಗಂಟೆ ಮಗ್ಗುಲಾಗಿ ಮಲಗಿರಬೇಕು, ಮಾತಾಡಬಾರದು, ಆದಷ್ಟೂ ಎಂಜಲು ನುಂಗಬಾರದು. ನುಂಗಿದಾಗೆಲ್ಲ ನಳಿಕೆ ತೆರೆದು ಔಷಧಿ ಗಂಟಲಿಗೆ ಇಳಿದುಹೋಗುತ್ತದೆ, ಅದು ಒಳಗೆ ಇಂಗಬೇಕಾದ ಒಳಕಿವಿಯ ಕಿಟಕಿಯ ಪೊರೆಯ ಮೇಲೆ ನಿಲ್ಲುವುದಿಲ್ಲ. ಮೊದಲ ಸಲ ಅವರು "ಗಂಟಲೆಲ್ಲ ಕಹಿ" ಅಂದರು, ಅಂದರೆ ಅಷ್ಟು ಪೋಲಾಗಿತ್ತು. ಎರಡನೇ ಸಲದಿಂದ ಎಂಜಲು ಒರೆಸಿಕೊಳ್ಳಲು ಬಟ್ಟೆ ಕೊಟ್ಟು ಮಲಗಿಸಿದೆವು. ಸಕ್ಕರೆ ಹಿಡಿತಕ್ಕೆ ಸಿಗದವರಿಗೆ ಮಾತ್ರೆಯ ಬದಲು ಇದನ್ನೇ ಮೊದಲ ಚಿಕಿತ್ಸೆಯಾಗಿ ಕೊಡುವುದೂ ಉಂಟು.

ನಾಲ್ಕು ದಿನಕ್ಕೊಂದರಂತೆ ಮೂರು ಚುಚ್ಚುಮದ್ದು ಆಯಿತು. ನರದ ಮೇಲೆ ಗಡ್ಡೆ ಇಲ್ಲವೆಂದು ಖಚಿತಪಡಿಸಿಕೊಳ್ಳಲು ಎಂಆರ್‌ಐ ಮಾಡಿಸಿದೆ, ಏನೂ ಇರಲಿಲ್ಲ. ಕಿವಿ ಸುಧಾರಿಸಿದರೂ ಈ ಪರೀಕ್ಷೆಯನ್ನು ನಾನು ಕೈಬಿಡುವುದಿಲ್ಲ, ಗಡ್ಡೆ ಇದ್ದವರಲ್ಲೂ ಸ್ಟೀರಾಯ್ಡ್‌ಗೆ ಕಿವಿ ಸ್ವಲ್ಪ ತೆರೆಯಬಹುದು.

ಎರಡು ತಿಂಗಳ ಕೊನೆಗೆ ಮಾತಿನ ಸ್ವರಮಟ್ಟಗಳಲ್ಲಿ ಅವರ ಎಡಗಿವಿ 30 ಡೆಸಿಬೆಲ್‌ಗೆ ಬಂದು ನಿಂತಿತು. ಮೇಲಿನ ಸ್ವರಗಳು ಪೂರ್ತಿ ಮರಳಲಿಲ್ಲ, ಗುಂಯ್ ಎನ್ನುವುದೂ ರಾತ್ರಿ ಸಣ್ಣಗೆ ಉಳಿದಿದೆ. ಫೋನನ್ನು ಮಾತ್ರ ಮತ್ತೆ ಎಡಗಿವಿಗೇ ಹಿಡಿಯುತ್ತಾರೆ. ನನ್ನ ಕ್ಲಿನಿಕ್ಕಿನಲ್ಲಿ ಸರದಿ ಬರೆದುಕೊಳ್ಳುವ ಹುಡುಗಿ ಈಗ ಕಿವಿ ಕಟ್ಟಿದೆ ಎಂದು ಫೋನ್ ಮಾಡಿದವರಿಗೆಲ್ಲ ಎರಡು ಪ್ರಶ್ನೆ ಕೇಳುತ್ತಾಳೆ: ಒಂದೇ ಕಿವಿಯಾ, ಒಂದೆರಡು ದಿನದಲ್ಲಿ ಇದ್ದಕ್ಕಿದ್ದಂತೆ ಆಯಿತಾ? ಎರಡಕ್ಕೂ ಹೌದು ಎಂದರೆ ಅವರಿಗೆ ಅವತ್ತೇ ಸರದಿ.