ಹಳೆ ಬಟ್ಟೆಯ ಬೆಲೆ ಕೊಳ್ಳುವಾಗಲೇ ಹಾಕಬೇಕು: ಮಣಿಪಾಲದಿಂದ ನನ್ನ ಅನುಭವ

ಮೇ ತಿಂಗಳು ಬಂತೆಂದರೆ ಮಣಿಪಾಲದ ಪಿಜಿಗಳು, ಬಾಡಿಗೆ ಫ್ಲ್ಯಾಟ್‌ಗಳು ಒಂದೊಂದಾಗಿ ಖಾಲಿಯಾಗುತ್ತವೆ. ಕೋರ್ಸ್ ಮುಗಿಸಿ ದೂರದ ಊರಿಗೆ ಹೊರಟ ಮಕ್ಕಳಿಗೆ ನಾಲ್ಕು ವರ್ಷ ಕೂಡಿಸಿದ ಬಟ್ಟೆಯನ್ನೆಲ್ಲ ಹೊತ್ತುಕೊಂಡು ಹೋಗಲು ಆಗುವುದಿಲ್ಲ. ಆ ಬಟ್ಟೆ ಕೊಂಡು, ತೊಳೆದು, ಇನ್‌ಸ್ಟಾಗ್ರಾಮ್ ಮತ್ತು ವಾಟ್ಸಾಪ್‌ನಲ್ಲಿ ಮಾರುವುದು ನನ್ನ ಕೆಲಸ. ಜೊತೆಗೆ ತಿರುಪ್ಪೂರಿನಿಂದ ಸರ್‌ಪ್ಲಸ್ ಟಿ-ಶರ್ಟ್ ಕೂಡ ತರಿಸುತ್ತೇನೆ.

ಸರ್‌ಪ್ಲಸ್ ಮತ್ತು ಬಳಸಿದ ಬಟ್ಟೆ ಎರಡನ್ನೂ ಒಂದೇ ಕಣ್ಣಿನಿಂದ ನೋಡಿದರೆ ನಷ್ಟ. ಸರ್‌ಪ್ಲಸ್ ಅಂದರೆ ಫ್ಯಾಕ್ಟರಿಯಲ್ಲಿ ಆರ್ಡರ್‌ಗಿಂತ ಜಾಸ್ತಿ ಹೊಲಿದದ್ದು, ರದ್ದಾದ ಆರ್ಡರಿನದ್ದು, ಇಲ್ಲವೇ ತಪಾಸಣೆಯಲ್ಲಿ ಹೊರಗೆ ಹಾಕಿದ್ದು. ಬಟ್ಟೆ ಹೊಸದು, ತಪ್ಪು ಮಾತ್ರ ಒಳಗೆ ಅಡಗಿರುತ್ತದೆ. ಹೊಲಿಗೆ ಯಂತ್ರದ ಎಣ್ಣೆ ಕಲೆ, ಹೆಣಿಗೆಯಲ್ಲಿ ಒಂದು ಎಳೆ ಬಿಟ್ಟು ಹೋದ ಸಣ್ಣ ತೂತು, ಒಂದೇ ಲಾಟಿನಲ್ಲಿ ಎರಡು ತರದ ನೀಲಿ. ಇನ್ನೊಂದು ತಪ್ಪು ತೊಳೆಯುವ ತನಕ ಕಾಣುವುದೇ ಇಲ್ಲ. ಟಿ-ಶರ್ಟಿನ ಪಕ್ಕದ ಹೊಲಿಗೆ ತಿರುಚಿಕೊಂಡು ಹೊಟ್ಟೆಯ ಮೇಲೆ ಬಂದು ಕೂರುತ್ತದೆ. ಹಾಗಾಗಿ ಲಾಟ್ ಬಂದ ಕೂಡಲೇ ಒಂದೊಂದು ಬಣ್ಣದಲ್ಲಿ ಒಂದನ್ನು ತೆಗೆದು ತೊಳೆದು ಒಣಗಿಸುತ್ತೇನೆ. ಆಮೇಲೇ ಫೋಟೋ. ಲೇಬಲ್ ಕತ್ತರಿಸಿದ ಮಾಲನ್ನು ನಾನು ಯಾವ ಬ್ರ್ಯಾಂಡಿನ ಹೆಸರು ಹೇಳಿಯೂ ಮಾರುವುದಿಲ್ಲ. ಸರ್‌ಪ್ಲಸ್ ಹೆಸರಿನಲ್ಲಿ ನಕಲಿ ಮಾಲೂ ಬರುತ್ತದೆ. ಕೊಳ್ಳುವವರಿಗೆ ಬಟ್ಟೆ, ಅಳತೆ, ಹೊಲಿಗೆ ಗೊತ್ತಾದರೆ ಸಾಕು.

ಬಳಸಿದ ಬಟ್ಟೆಯ ವಿಷಯ ಬೇರೆ. ಅಲ್ಲಿ ನೋಡಬೇಕಾದ್ದು ಹಿಂದೆ ಹಾಕಿಕೊಂಡವರ ಮೈಯ ಗುರುತು ಮತ್ತು ನಮ್ಮ ಕರಾವಳಿಯ ಗಾಳಿಯ ಗುರುತು.

ಟ್ಯೂಬ್‌ಲೈಟಿನ ಕೆಳಗೆ ನಾನು ಯಾವತ್ತೂ ಬಟ್ಟೆ ಕೊಳ್ಳುವುದಿಲ್ಲ. ಬೆಳಿಗ್ಗೆ ಹೋಗಿ ಕಿಟಕಿಯ ಹತ್ತಿರ ನಿಲ್ಲುತ್ತೇನೆ. ಮೊದಲು ಬಟ್ಟೆಯನ್ನು ಒಳಮಗ್ಗುಲು ಮಾಡುತ್ತೇನೆ. ಕಂಕುಳು, ಕಾಲರಿನ ಮಡಿಕೆ, ಕಫ್, ಪ್ಯಾಂಟಾದರೆ ತೊಡೆಯ ಒಳಭಾಗ, ಈ ನಾಲ್ಕು ಕಡೆ ಬಟ್ಟೆಯ ವಯಸ್ಸು ಗೊತ್ತಾಗುತ್ತದೆ. ಜೀನ್ಸನ್ನು ಬೆಳಕಿಗೆ ಹಿಡಿದಾಗ ತೊಡೆಯ ಹತ್ತಿರ ಬೆಳಕು ತೂರಿ ಬಂದರೆ ಅದಕ್ಕೆ ಹೆಚ್ಚು ಆಯಸ್ಸಿಲ್ಲ. ಸ್ಟ್ರೆಚ್ ಬಟ್ಟೆಯನ್ನು ಸ್ವಲ್ಪ ಎಳೆದು ಬಿಡುತ್ತೇನೆ. ಮೊದಲಿನ ಅಳತೆಗೆ ತಿರುಗಿ ಬಾರದೆ ಅಲೆಅಲೆಯಾಗಿ ನಿಂತರೆ, ಅಥವಾ ಎಳೆಯುವಾಗ ಚರಚರ ಸದ್ದು ಬಂದರೆ, ಒಳಗಿನ ಎಲಾಸ್ಟಿಕ್ ಸತ್ತಿದೆ ಅಂತ ಅರ್ಥ. ಅದನ್ನು ಯಾವ ಟೈಲರೂ ಸರಿ ಮಾಡಲಾರರು.

ಕಂಕುಳಿನ ಹಳದಿ ಕಲೆಯ ಬಗ್ಗೆ ಒಂದು ಮಾತು ಹೇಳಲೇಬೇಕು. ಬೆವರು ಮತ್ತು ಬೆವರು ತಡೆಯುವ ರೋಲ್-ಆನಿನಲ್ಲಿರುವ ಅಲ್ಯೂಮಿನಿಯಂ ಸೇರಿ ಆಗುವ ಕಲೆ ಅದು. ಅದಕ್ಕೆ ಬಾತ್‌ರೂಮ್ ಕ್ಲೀನ್ ಮಾಡುವ ಕ್ಲೋರಿನ್ ಬ್ಲೀಚ್ ಹಾಕಿದರೆ ಇನ್ನೂ ಹಳದಿಯಾಗುತ್ತದೆ. ಬಿಳಿ ಹತ್ತಿ ಬಟ್ಟೆಯಾದರೆ ಆಕ್ಸಿಜನ್ ಬ್ಲೀಚ್ ಪುಡಿ ಹಾಕಿ ಬಿಸಿನೀರಿನಲ್ಲಿ ಕೆಲವು ಗಂಟೆ ನೆನೆಸುತ್ತೇನೆ. ಹೊಸ ಕಲೆ ಹೋಗುತ್ತದೆ. ಹಳೆಯದಾಗಿ ಗಟ್ಟಿಯಾದದ್ದು ಪೂರ್ತಿ ಹೋಗುವುದಿಲ್ಲ. ಮುಟ್ಟಿದಾಗ ಆ ಜಾಗ ಗಂಜಿ ಹಾಕಿದಂತೆ ಗಡುಸಾಗಿದ್ದರೆ ಅಂಥದ್ದನ್ನು ಕೊಳ್ಳುವ ಲೆಕ್ಕಕ್ಕೇ ಸೇರಿಸುವುದಿಲ್ಲ.

ಇನ್ನು ನಮ್ಮ ಕಡೆಯ ತೇವ. ಮಳೆಗಾಲ ಪೂರ್ತಿ ಕಪಾಟಿನಲ್ಲೇ ಕೂತ ಬಟ್ಟೆಗೆ ಬೂಸ್ಟು ಹಿಡಿಯುತ್ತದೆ. ಬಿಳಿ ಬೂಸ್ಟು ಮೇಲೆ ಮೇಲೆ ಇದ್ದರೆ ಬಿಸಿಲು ಮತ್ತು ಒಗೆತಕ್ಕೆ ಹೋಗುತ್ತದೆ. ಸಾಸಿವೆ ಕಾಳಿನಂಥ ಕರಿ ಚುಕ್ಕೆ ನೂಲಿನೊಳಗೆ ಇಳಿದಿದ್ದರೆ ಹೋಗುವುದು ಕಷ್ಟ. ಮೂಸಿ ನೋಡಲು ನಾಚಿಕೆ ಪಡಬಾರದು. ಮುಗ್ಗಲು ವಾಸನೆ ಬಂದರೆ ಹೊಲಿಗೆಯ ಒಳಬದಿ, ಜೇಬಿನ ಒಳಗೆ ಹುಡುಕಬೇಕು, ಚುಕ್ಕೆ ಅಲ್ಲೇ ಇರುತ್ತದೆ. ರೆಕ್ಸಿನ್ ತರದ, ಚರ್ಮದಂತೆ ಕಾಣುವ ಜಾಕೆಟ್ಟುಗಳನ್ನು ನಾನು ಉಚಿತ ಕೊಟ್ಟರೂ ತೆಗೆದುಕೊಳ್ಳುವುದಿಲ್ಲ. ಅದರ ಮೇಲಿನ ಪಾಲಿಯೂರಿಥೇನ್ ಪದರ ಗಾಳಿಯ ತೇವಕ್ಕೇ ಒಡೆದು ಸಿಪ್ಪೆ ಏಳುತ್ತದೆ. ಇವತ್ತು ಚಂದ ಕಂಡರೂ ಪಾರ್ಸೆಲ್ ಬಿಚ್ಚುವ ಹೊತ್ತಿಗೆ ಕಾಲರಿನಿಂದ ಉದುರಬಹುದು.

ಇಷ್ಟು ನೋಡಿ ಆದ ಮೇಲೆ ಮೂರು ರಾಶಿ. ಎ ಅಂದರೆ ಹಗಲು ಬೆಳಕಿನಲ್ಲಿ ಕೈದೂರದಿಂದ ನೋಡಿದರೂ, ಒಳಮಗ್ಗುಲು ನೋಡಿದರೂ ತಪ್ಪು ಸಿಗದ್ದು. ಬಿ ಅಂದರೆ ಒಂದು ತಪ್ಪು ಇದೆ, ಆದರೆ ಹಾಕಿಕೊಂಡಾಗ ಬೇರೆಯವರಿಗೆ ಕಾಣದು. ಸಿ ಅಂದರೆ ತಪ್ಪು ಕಾಣುತ್ತದೆ, ಬಟ್ಟೆ ಮಾತ್ರ ಗಟ್ಟಿ ಇದೆ, ಮನೆಯಲ್ಲಿ ಹಾಕಬಹುದು. ಉಳಿದದ್ದು ರಿಜೆಕ್ಟ್. ಎ ಮತ್ತು ಬಿ ನಡುವೆ ಅನುಮಾನ ಬಂದರೆ ಬಿ ಅಂತಲೇ ಬರೆಯುತ್ತೇನೆ. ಬಿ ಅಂದುಕೊಂಡು ಬಂದವರಿಗೆ ಎ ಸಿಕ್ಕಿದರೆ ಮತ್ತೆ ಬರುತ್ತಾರೆ, ಅಲ್ವಾ?

ಈಗ ಒಂದು ಲಾಟಿನ ಲೆಕ್ಕ ಹೇಳುತ್ತೇನೆ. ಒಂದು ಫ್ಲ್ಯಾಟಿನ ಮೂವರು ಹುಡುಗಿಯರು ಸೇರಿ 60 ಬಟ್ಟೆ ತೆಗೆದಿಟ್ಟಿದ್ದರು. "ಆಂಟಿ, ಎಲ್ಲ ಬ್ರ್ಯಾಂಡೆಡ್, ಒಂದಕ್ಕೆ ನೂರು ಕೊಡಿ" ಅಂದರು. ನಾನು ಅವರ ಎದುರೇ ರಾಶಿ ಮಾಡಿದೆ. ಒಂದೊಂದನ್ನು ಎಷ್ಟಕ್ಕೆ ಮಾರಬಹುದು ಅಂತ ಮನಸ್ಸಿನಲ್ಲೇ ಕೂಡಿಸುತ್ತಾ ಹೋದರೆ ಒಟ್ಟು ಸುಮಾರು ₹12,000 ಬಂತು. ಬಳಸಿದ ಬಟ್ಟೆಗೆ ಈ ಮೊತ್ತದ ಶೇ. 40ಕ್ಕಿಂತ ಜಾಸ್ತಿ ನಾನು ಕೊಡುವುದಿಲ್ಲ. ಹಾಗಾಗಿ ಒಂದಕ್ಕೆ ₹80ರಂತೆ ₹4,800 ಹೇಳಿದೆ. ಯಾವುದು ಯಾಕೆ ಸಿ ರಾಶಿಗೆ ಹೋಯಿತು ಅಂತ ತೋರಿಸಿದ್ದರಿಂದ ಅವರೂ ಒಪ್ಪಿದರು.

ಆಟೋಗೆ ₹300. ಮನೆಗೆ ತಂದು ತೊಳೆದ ಮೇಲೆ ರಿಜೆಕ್ಟ್ 12 ಆಯಿತು. ಏಳು ಅಲ್ಲೇ ಗೊತ್ತಿದ್ದವು, ಐದು ಒಗೆದ ಮೇಲೆ ಬಯಲಾದವು. ಉಳಿದ 48ಕ್ಕೆ ತೊಳೆಯುವುದು, ಇಸ್ತ್ರಿ, ಗುಂಡಿ ಮತ್ತು ಜಿಪ್ ರಿಪೇರಿ ಎಲ್ಲ ಸೇರಿ ತಲಾ ₹20, ಪ್ಯಾಕಿಂಗ್ ಕವರ್ ಮತ್ತು ಟೇಪಿಗೆ ತಲಾ ₹10. ಎಲ್ಲ ಕೂಡಿಸಿದರೆ ₹6,540. ಅಂದರೆ ₹80ಕ್ಕೆ ಕೊಂಡ ಬಟ್ಟೆ ಮಾರಾಟಕ್ಕೆ ನಿಲ್ಲುವ ಹೊತ್ತಿಗೆ ₹136 ಆಗಿರುತ್ತದೆ.

ಆದರೆ ಈ ₹136ನ್ನು ಎಲ್ಲದರ ತಲೆಯ ಮೇಲೂ ಸಮನಾಗಿ ಹಾಕಿದರೆ ಲೆಕ್ಕ ತಪ್ಪುತ್ತದೆ. ₹120ಕ್ಕೆ ಹೋಗುವ ಟಿ-ಶರ್ಟ್ ನಷ್ಟದಂತೆ ಕಾಣುತ್ತದೆ, ಡೆನಿಮ್ ಜಾಕೆಟಿಗೆ ಬೇಕಾಬಿಟ್ಟಿ ರಿಯಾಯಿತಿ ಕೊಟ್ಟುಬಿಡುತ್ತೇವೆ. ನಾನು ಖರ್ಚನ್ನು ಮಾರುವ ಬೆಲೆಗೆ ತಕ್ಕಂತೆ ಹಂಚುತ್ತೇನೆ. ಆ ಲಾಟಿನಲ್ಲಿ ಎ 20, ಸರಾಸರಿ ₹350. ಬಿ 18, ಸರಾಸರಿ ₹220. ಸಿ 10, ಸರಾಸರಿ ₹120. ಒಟ್ಟು ₹12,160. ಖರ್ಚು ಅದರ ಶೇ. 54. ಹಾಗಾಗಿ ₹350ರ ಬಟ್ಟೆ ನನಗೆ ₹189ಕ್ಕೆ ಬಿದ್ದಿದೆ, ₹120ರದ್ದು ₹65ಕ್ಕೆ. ಯಾರಾದರೂ ಚೌಕಾಶಿ ಮಾಡಿದಾಗ ಎಲ್ಲಿ ನಿಲ್ಲಬೇಕು ಅಂತ ಆಗ ಗೊತ್ತಿರುತ್ತದೆ. ಕೊನೆಗೆ ಎ ಎಲ್ಲ ಹೋಯಿತು, ಬಿಯಲ್ಲಿ 12, ಸಿಯಲ್ಲಿ 5. ಬಂದದ್ದು ₹10,240, ಕೈಯಲ್ಲಿ ಉಳಿದದ್ದು ಸುಮಾರು ₹3,700. ಒಂದು ಬಟ್ಟೆಯ ಫೋಟೋ, ಅಳತೆ, ವಿವರಕ್ಕೆ ಕಾಲು ಗಂಟೆ ಹಿಡಿದರೂ 48ಕ್ಕೆ 12 ಗಂಟೆ. ಅದಕ್ಕೇ ₹150ಕ್ಕಿಂತ ಕಡಿಮೆಯದನ್ನು ಈಗ ಬಿಡಿಬಿಡಿಯಾಗಿ ಹಾಕುವುದಿಲ್ಲ. ಒಂದೇ ಅಳತೆಯ ಮೂರು ಸೇರಿಸಿ ₹300 ಅಂತ ಒಂದೇ ಫೋಟೋದಲ್ಲಿ ಹಾಕುತ್ತೇನೆ.

ಬಿಡಿ ಬೆಲೆ ಹಾಕುವಾಗ ಎಂಆರ್‌ಪಿ ನೋಡಬೇಡಿ. ಅದೇ ತರದ ಬಟ್ಟೆ ಹೊಸದಾಗಿ ರಿಯಾಯಿತಿಯಲ್ಲಿ ಎಷ್ಟಕ್ಕೆ ಸಿಗುತ್ತದೆ ಅಂತ ನೋಡಿ. ಎ ಆದರೆ ಅದರ ಶೇ. 35ರಿಂದ 40, ಬಿ ಆದರೆ ಶೇ. 25ರ ಆಸುಪಾಸು. ಅದೇ ಲಾಟಿನ ಒಂದು ತಿಳಿನೀಲಿ ಲಿನನ್ ಶರ್ಟ್ ಹೊಸದಾದರೆ ರಿಯಾಯಿತಿಯಲ್ಲಿ ₹1,800. ಬಿ ದರ್ಜೆ, ಹಾಗಾಗಿ ₹450. ವಿವರ ಹೀಗೆ ಬರೆದಿದ್ದೆ: "ಎದೆ ಅಡ್ಡಗಲ 21 ಇಂಚು, ಉದ್ದ 28, ಭುಜ 17. ಎಡ ಕಫ್ಫಿನ ಒಳಬದಿ ಕಡಲೆಕಾಳಿನಷ್ಟು ಮಾಸಲು ಕಲೆ, ತೊಳೆದರೂ ಹೋಗಿಲ್ಲ. ಎರಡನೇ ಗುಂಡಿ ಬದಲಿಸಿದ್ದೇವೆ." ಕಲೆಯ ಪಕ್ಕ ಒಂದು ರೂಪಾಯಿ ನಾಣ್ಯ ಇಟ್ಟು ಹತ್ತಿರದ ಫೋಟೋ. ಕಾಸರಗೋಡಿನಿಂದ ಒಬ್ಬರು ಕೇಳಿದರು, "ಅಕ್ಕ, ಇದು ಎಲ್ ಸೈಜಾ, ಎಕ್ಸ್ಎಲ್ ಸೈಜಾ?" ನಾನು ಸೈಜಿನ ಅಕ್ಷರ ಹೇಳುವುದಿಲ್ಲ. ಒಂದು ಕಂಪನಿಯ ಎಲ್ ಇನ್ನೊಂದರ ಎಂ ಆಗಿರುತ್ತದೆ, ಹೊರದೇಶಕ್ಕೆ ಹೊಲಿದ ಸರ್‌ಪ್ಲಸ್ಸಿನಲ್ಲಂತೂ ಇನ್ನೂ ದೊಡ್ಡದು. "ನಿಮಗೆ ಸರಿಯಾಗುವ ಒಂದು ಶರ್ಟ್ ಮಂಚದ ಮೇಲೆ ಹರಡಿ, ಕಂಕುಳಿನಿಂದ ಕಂಕುಳಿಗೆ ಟೇಪ್ ಹಿಡಿದು ಹೇಳಿ" ಅಂದೆ. 21 ಅಂತ ಬಂತು, ಕಳಿಸಿದೆ. ಅಳತೆ ಸರಿಯಿಲ್ಲ ಅಂತ ವಾಪಸ್ ಬರುವ ಪಾರ್ಸೆಲ್ ಈ ಒಂದು ಪ್ರಶ್ನೆಯಿಂದಲೇ ತೀರಾ ಕಡಿಮೆಯಾಗಿದೆ. ಕೊರಿಯರ್ ಖರ್ಚು ಬೇರೆ ಹಾಕುತ್ತೇನೆ, ಮಣಿಪಾಲ ಮತ್ತು ಉಡುಪಿಯವರು ಮನೆಗೇ ಬಂದು ಒಯ್ಯಬಹುದು.

ಎರಡು ತಿಂಗಳು ಹೋಗದೆ ಉಳಿದದ್ದಕ್ಕೆ ಶೇ. 20 ಇಳಿಸುತ್ತೇನೆ, ಆಮೇಲೆ ಮೂರರ ಕಟ್ಟಿಗೆ ಸೇರಿಸುತ್ತೇನೆ. ಮೇ ಕೊನೆಯಲ್ಲಿ ಕೊಂಡದ್ದನ್ನು ಜೂನ್ ಮಳೆ ಹಿಡಿಯುವ ಮೊದಲೇ ತೊಳೆದು ಬಿಸಿಲಿನಲ್ಲಿ ಒಣಗಿಸಿಬಿಡುತ್ತೇನೆ. ಮಳೆಗಾಲದಲ್ಲಿ ಫ್ಯಾನಿನ ಕೆಳಗೆ ಒಣಗಿದ ಜೀನ್ಸಿನ ಸೊಂಟಪಟ್ಟಿಯಲ್ಲಿ ತೇವ ಉಳಿದೇ ಉಳಿಯುತ್ತದೆ, ಅದನ್ನು ಪ್ಲಾಸ್ಟಿಕ್ಕಿಗೆ ತುಂಬಿದರೆ ಎ ದರ್ಜೆಯದ್ದು ಸಿ ಆಗಿ ಹೊರಬರುತ್ತದೆ. ಮಾಲನ್ನು ನೆಲಕ್ಕೆ, ಗೋಡೆಗೆ ತಾಗದಂತೆ ಹಲಗೆಯ ಮೇಲೆ ಇಡುತ್ತೇನೆ, ಪ್ರತಿ ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಪೊಟ್ಟಣ.

ರಿಜೆಕ್ಟ್ ಆದ ಹತ್ತಿ ಬಟ್ಟೆಯ ಗುಂಡಿ, ಜಿಪ್ ಬಿಚ್ಚಿ ಇಟ್ಟುಕೊಂಡು, ಉಳಿದದ್ದನ್ನು ಕತ್ತರಿಸಿ ಒರೆಸುವ ಬಟ್ಟೆಯಾಗಿ ಕೆಜಿ ಲೆಕ್ಕದಲ್ಲಿ ಗ್ಯಾರೇಜಿನವರಿಗೆ ಕೊಡುತ್ತೇನೆ. ಜೂನ್, ಜುಲೈಯಲ್ಲಿ ಯಾಂತ್ರಿಕ ಮೀನುಗಾರಿಕೆ ನಿಷೇಧ ಇರುವಾಗ ಮಲ್ಪೆಯಲ್ಲಿ ಬೋಟ್ ಎಂಜಿನ್ ಬಿಚ್ಚುವ ಕೆಲಸ ಇರುತ್ತದೆ, ಅವರಿಗೂ ಬೇಕು. ಹತ್ತಿಯದ್ದೇ ಆಗಬೇಕು. ಪಾಲಿಯೆಸ್ಟರ್ ಒರೆಸುವ ಕೆಲಸಕ್ಕೆ ಅಷ್ಟು ಒಗ್ಗುವುದಿಲ್ಲ, ಹಾಗಾಗಿ ಅದನ್ನು ಮೊದಲೇ ಬೇರೆ ತೆಗೆದಿಡುತ್ತೇನೆ.